ಸೊನ್ನೆ ನಿಮಿಷದಲ್ಲಿ ಕಣ ಸುತ್ತಿದ ಎತ್ತು

(ಮಂಡ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಪಿಯುಸಿ, ಡಿಗ್ರಿ ಮಕ್ಕಳು ಮತ್ತು ಕೆಲವು ಗಣಿತದ ಮೇಷ್ಟ್ರುಗಳ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದ ಸಾಲುಗಳನ್ನು ನಡುನಡುವೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತನ್ನು ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದೇ.

ನಾನು ಪಾಠ ಹೇಳಲು ಸೇರಿ ಇನ್ನೂ ಎರಡು ವರ್ಷ ಆಗಿರಲಿಲ್ಲ. ಒಂದು ದಿನ ಬೋರ್ಡಿನ ಮೇಲೆ ಈ ಲೆಕ್ಕ ಬರೆದೆ:

∫ dx / (5 + 3 cos x),  x = 0 ರಿಂದ 2π ವರೆಗೆ

t = tan(x/2) ಅಂತ ಹಾಕಿದೆ. ನಾಲ್ಕು ಸಾಲಿನಲ್ಲಿ ಇಂಟಿಗ್ರೇಷನ್ ಮುಗಿಯಿತು. ಲಿಮಿಟ್ಸ್ ಹಾಕಿದೆ, ಉತ್ತರ ಸೊನ್ನೆ. ಕೆಳಗೆ ಒಂದು ಗೆರೆ ಎಳೆದು ಕೈಗೆ ಹತ್ತಿದ್ದ ಚಾಕ್ ಪುಡಿ ಒರೆಸಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಎಲ್ಲಾ ಪ್ಲಸ್ಸೇ ಐತಲ್ಲ, ಕೂಡಿದ್ರೆ ಸೊನ್ನೆ ಯಂಗ್ ಬತ್ತದೆ?"

ಅವಳು ಕೇಳಿದ್ದು ಸರಿಯಾಗೇ ಇತ್ತು. cos x ಎಷ್ಟೇ ಆದರೂ −1ಕ್ಕಿಂತ ಕೆಳಗೆ ಹೋಗಲ್ಲ. ಹಾಗಾಗಿ ಛೇದ ಯಾವಾಗಲೂ 2 ಮತ್ತು 8ರ ನಡುವೆಯೇ ಇರುತ್ತದೆ. ಗ್ರಾಫ್ ಪೂರ್ತಿ ಮೇಲುಗಡೆಯೇ ಇದೆ. ಅದರ ಕೆಳಗಿನ ಜಾಗ ಸೊನ್ನೆ ಆಗೋದು ಹೇಗೆ? "ನಾಳೆ ಹೇಳ್ತೀನಿ, ಕೂತ್ಕೊಳಮ್ಮ" ಅಂದೆ. ಬೆಲ್ ಹೊಡೆದು ನನ್ನ ಮಾನ ಉಳಿಸಿತು. ಆ ರಾತ್ರಿ ಒಂದೊಂದು ಸಾಲನ್ನೂ ಮತ್ತೆ ಮತ್ತೆ ನೋಡಿದೆ. ಒಂದು ಸಾಲಿನಲ್ಲೂ ತಪ್ಪು ಸಿಗಲಿಲ್ಲ. ಉತ್ತರ ಮಾತ್ರ ತಪ್ಪು.

ತಪ್ಪು ಎಲ್ಲಿ ಅಡಗಿತ್ತು ಅನ್ನೋದು ಸೂತ್ರ ನೋಡಿದರೆ ಕಾಣಲ್ಲ, ಚಿತ್ರ ಬರೆದರೆ ಕಾಣುತ್ತದೆ. ಅದಕ್ಕೆ ನಾವೆಲ್ಲ ರಾಗಿ ಕಣಕ್ಕೆ ಹೋಗೋಣ.

ದುಂಡಗಿನ ಕಣ. ನಡುವೆ ಮೇಟಿ ನೆಟ್ಟಿದೆ. ಮೇಟಿಗೆ ಕಟ್ಟಿದ ಎತ್ತು ಸುತ್ತುತ್ತಿದೆ. ಹಗ್ಗದ ಉದ್ದ 1 ಅಂತ ಇಟ್ಟುಕೊಳ್ಳಿ. ನಾನು ಕಣದ ಅಂಚಿನಲ್ಲಿ, ಪಶ್ಚಿಮದ ಕಡೆ, ಮೇಟಿಗೆ ಮುಖ ಮಾಡಿ ನಿಂತಿದ್ದೇನೆ. ಅಂದರೆ ಗ್ರಾಫಿನಲ್ಲಿ ನಾನಿರುವ ಜಾಗ (−1, 0). ಎತ್ತು ನನ್ನ ಎದುರಿಗೆ, ಪೂರ್ವದ ತುದಿಯಿಂದ ಹೊರಡುತ್ತದೆ, ನನ್ನ ಎಡಗಡೆ ಬಳಸಿಕೊಂಡು ಬರುತ್ತದೆ. ಮೇಟಿಯಿಂದ ನೋಡಿದರೆ ಅದು x ಕೋನ ತಿರುಗಿದಾಗ, ನಾನು ಕತ್ತು ಎಷ್ಟು ತಿರುಗಿಸಿರುತ್ತೇನೆ?

ಸರಿಯಾಗಿ ಅರ್ಧ. ಹೈಸ್ಕೂಲಿನಲ್ಲಿ ಓದಿದ್ದೀರಲ್ಲ: ಒಂದೇ ಕಂಸಕ್ಕೆ ಕೇಂದ್ರದಲ್ಲಿ ಆಗುವ ಕೋನ, ಪರಿಧಿಯಲ್ಲಿ ಆಗುವ ಕೋನದ ಎರಡರಷ್ಟು. ಹಾಗಾಗಿ ನನ್ನ ಕಣ್ಣಿನಿಂದ ಎತ್ತಿಗೆ ಎಳೆದ ಗೆರೆಯ ಸ್ಲೋಪ್ tan(x/2). ನಮ್ಮ t ಅಂದರೆ ಇದೇ. ಅರ್ಧ ಕೋನ ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡವರಿಗೆ ಉತ್ತರ ಇಷ್ಟೇ. ಅಂಚಿನಲ್ಲಿ ನಿಂತವನ ನೋಟ ಅದು.

ಈಗ ಎತ್ತು ಇರುವ ಜಾಗವನ್ನು (c, s) ಅಂತ ಕರೆಯೋಣ. c ಅಂದರೆ cos x, s ಅಂದರೆ sin x. ನನ್ನ ಗೆರೆಯ ಮೇಲೆ ಇರುವುದರಿಂದ s = t(1 + c). ಕಣದ ಅಂಚಿನ ಮೇಲೂ ಇರುವುದರಿಂದ s² = 1 − c². ಎರಡನ್ನೂ ಸೇರಿಸಿದರೆ:

(1 − c)(1 + c) = t²(1 + c)²

ಎರಡೂ ಕಡೆ (1 + c) ಹೊಡೆದು ಹಾಕಿ. ಉಳಿಯುವುದು 1 − c = t²(1 + c). ಇದನ್ನು ಬಿಡಿಸಿದರೆ:

cos x = (1 − t²)/(1 + t²)
sin x = 2t/(1 + t²)

x = 2 tan⁻¹ t ಆದ್ದರಿಂದ dx = 2 dt/(1 + t²). ಮೂರೂ ಸಿಕ್ಕವು. ಸೈನ್, ಕಾಸ್ ಎಲ್ಲ ಹೋಗಿ t ಮಾತ್ರ ಉಳಿಯಿತು. ಸೈನ್, ಕಾಸ್‌ಗಳನ್ನು ಕೂಡಿ, ಕಳೆದು, ಗುಣಿಸಿ, ಭಾಗಿಸಿ ಏನೇ ಮಾಡಿದ್ದರೂ, ಅದು t ಬಹುಪದಗಳ ಭಿನ್ನರಾಶಿ ಆಗಿಬಿಡುತ್ತದೆ. ಅಂಥದ್ದನ್ನು ಇಂಟಿಗ್ರೇಟ್ ಮಾಡಲು ಪಾರ್ಷಿಯಲ್ ಫ್ರಾಕ್ಷನ್ಸ್ ಇದ್ದೇ ಇದೆ.

ಸುಮ್ನೆ ಒಂದು ಪಕ್ಕದ ಮಾತು. t = 1/2 ಹಾಕಿ ನೋಡಿ. cos 3/5, sin 4/5 ಬರುತ್ತದೆ. ಮನೆ ಪಾಯ ಹಾಕುವಾಗ ಗಾರೆಯವರು ಮೂಲೆ ಸರಿ ಇದೆಯಾ ಅಂತ 3 ಅಡಿ, 4 ಅಡಿ, 5 ಅಡಿ ಅಳೆಯುತ್ತಾರಲ್ಲ, ಅದೇ ತ್ರಿಕೋನ. t = 2/3 ಹಾಕಿದರೆ 5, 12, 13. t ಜಾಗಕ್ಕೆ ಯಾವ ಭಿನ್ನರಾಶಿ ಹಾಕಿದರೂ ಇಂಥದ್ದೊಂದು ತ್ರಿಕೋನ ಬರುತ್ತದೆ.

ಸರಿ, ನನ್ನ ಲೆಕ್ಕಕ್ಕೆ ಬರೋಣ. ಅದನ್ನೂ ಕಣದ ಲೆಕ್ಕವಾಗಿಯೇ ಮಾಡೋಣ. ನನ್ನ ಕೈಯಲ್ಲಿ ಒಂದು ಹಿಡಿ ಕಬ್ಬಿನ ಸೋಗೆ ಇದೆ. ಎತ್ತಿಗೆ ಅದರ ಮೇಲೆ ಕಣ್ಣು. ನನ್ನ ಹತ್ತಿರ ಬಂದಾಗ ನಿಧಾನ ಆಗುತ್ತದೆ, ಎದುರುಗಡೆ ಹೋದಾಗ ಜೋರಾಗಿ ಹೆಜ್ಜೆ ಹಾಕುತ್ತದೆ. ಅದರ ವೇಗ ನಿಮಿಷಕ್ಕೆ 5 + 3 cos x ರೇಡಿಯನ್ ಅಂತ ಇಟ್ಟುಕೊಳ್ಳಿ. ಎದುರಿನ ತುದಿಯಲ್ಲಿ 8, ನನ್ನ ಕಾಲ ಬಳಿ 2. ಆಗ 1/(5 + 3 cos x) ಇಂಟಿಗ್ರೇಟ್ ಮಾಡಿದರೆ ಸಿಗುವುದು ಸಮಯ. ನನ್ನ ಬೋರ್ಡಿನ ಲೆಕ್ಕ ಕೇಳಿದ್ದು ಇಷ್ಟೇ: ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕು?

ಛೇದಕ್ಕೆ t ಹಾಕಿದರೆ 5(1 + t²) + 3(1 − t²), ಅಂದರೆ 8 + 2t², ಕೆಳಗೆ 1 + t². ಆ 1 + t² ಮೇಲೆ ಹೋಗಿ dx ಒಳಗಿನ 1 + t² ಜೊತೆ ಹೊಡೆದುಹೋಗುತ್ತದೆ. ಈ ಉಪಾಯದಲ್ಲಿ ನನಗೆ ಇಷ್ಟವಾಗುವ ಗಳಿಗೆ ಇದು. ಉಳಿಯುವುದು:

∫ 2 dt/(8 + 2t²) = ∫ dt/(4 + t²) = ½ tan⁻¹(t/2)

x ವಾಪಸ್ ಹಾಕಿದರೆ F(x) = ½ tan⁻¹( ½ tan(x/2) ). ಮಕ್ಕಳು ಇಲ್ಲಿ ಜಾಸ್ತಿ ಮಾಡುವ ತಪ್ಪು dx ಬದಲು ಬರೀ dt ಬರೆಯುವುದು. ಅದು ಬೇಗ ಸಿಕ್ಕಿಬೀಳುವ ತಪ್ಪು, 1 + t² ಹೊಡೆದುಹೋಗದೆ ಹಾಗೇ ಕೂತಿರುತ್ತದೆ. ನಾನು ಮಾಡಿದ್ದು ಬೇರೆ. x = 0 ಆದಾಗ tan 0 ಸೊನ್ನೆ. x = 2π ಆದಾಗ tan π, ಅದೂ ಸೊನ್ನೆ. ಸೊನ್ನೆಯಲ್ಲಿ ಸೊನ್ನೆ ಕಳೆದರೆ ಸೊನ್ನೆ. ಎತ್ತು ಸೊನ್ನೆ ನಿಮಿಷದಲ್ಲಿ ಕಣ ಸುತ್ತಿ ಬಂತು!

ಈ F ಒಂದು ಗಡಿಯಾರ ಅಂತ ತಿಳಿದು ಎತ್ತಿನ ಜೊತೆ ನಡೆಯಿರಿ. ಕಾಲು ಸುತ್ತಿಗೆ x = π/2, t = 1. ½ tan⁻¹(½) ಅಂದರೆ 0.2318 ನಿಮಿಷ, ಸುಮಾರು 14 ಸೆಕೆಂಡ್. ಸರಿ ಇದೆ. ಅರ್ಧ ಸುತ್ತಿಗೆ ಬರುತ್ತಾ t ಬೆಳೆಯುತ್ತಾ ಹೋಗಿ ಅನಂತ ಆಗುತ್ತದೆ, tan⁻¹ π/2 ಆಗುತ್ತದೆ, ಗಡಿಯಾರ π/4 ನಿಮಿಷ, ಅಂದರೆ 47 ಸೆಕೆಂಡ್ ತೋರಿಸುತ್ತದೆ. ಎರಡನೇ ಕಾಲು ಸುತ್ತಿಗೆ 33 ಸೆಕೆಂಡ್ ಹಿಡಿಯಿತು. ಸೋಗೆ ಆಸೆಗೆ ನಿಧಾನ ಮಾಡಿತಲ್ಲ, ಅದೂ ಸರಿಯೇ. ಈಗ ಎತ್ತು ನನ್ನನ್ನು ದಾಟಿ ಮುಕ್ಕಾಲು ಸುತ್ತಿಗೆ ಬಂತು. t = −1. ಗಡಿಯಾರದಲ್ಲಿ ಮೈನಸ್ 14 ಸೆಕೆಂಡ್! ಹೊರಡುವ ಮೊದಲೇ ತಲುಪಿಬಿಟ್ಟಿದೆ.

ಏನಾಯಿತು? ನಾನು ನಿಂತಿರುವ ಜಾಗ ನೋಡಿ. ಎತ್ತು ಎಡದಿಂದ ನನ್ನ ಹತ್ತಿರ ಬಂದಷ್ಟೂ ನನ್ನ ಕತ್ತು ಪೂರ್ತಿ ಎಡಕ್ಕೆ ತಿರುಗುತ್ತದೆ. ಅದು ನನ್ನನ್ನು ಒರೆಸಿಕೊಂಡು ದಾಟಿದ ಮರುಕ್ಷಣ ಅದನ್ನು ನೋಡಬೇಕಾದರೆ ಪೂರ್ತಿ ಬಲಕ್ಕೆ ತಿರುಗಬೇಕು. ಎತ್ತು ಒಂದೇ ಹೆಜ್ಜೆ ಇಟ್ಟಿದೆ. ನನ್ನ ನೋಟ ಮಾತ್ರ +∞ ಇಂದ −∞ಗೆ ಹಾರಿದೆ. ಆ ಹಾರಿಕೆಯಲ್ಲಿ ಗಡಿಯಾರ +47 ಸೆಕೆಂಡ್‌ನಿಂದ −47 ಸೆಕೆಂಡ್‌ಗೆ ಬಿತ್ತು. ಕಣದ ಅಂಚಿನಲ್ಲಿ ನನಗೆ ಕಾಣದ ಜಾಗ ಒಂದೇ ಒಂದು, ನಾನೇ ನಿಂತಿರುವ ಜಾಗ. ತನ್ನ ಬೆನ್ನು ತನಗೆ ಕಾಣಲ್ಲ ಅಂತಾರಲ್ಲ, ಹಾಗೆ.

ಸೂತ್ರ ತೆಗೆಯುವಾಗ (1 + c) ಹೊಡೆದು ಹಾಕಿದ್ದು ನೆನಪಿದೆಯಾ? ಹಾಗೆ ಹೊಡೆದು ಹಾಕಬೇಕಾದರೆ ಅದು ಸೊನ್ನೆ ಆಗಿರಬಾರದು. ಸೊನ್ನೆ ಆಗೋದು c = −1 ಆದಾಗ, ಅಂದರೆ x = π. ಆ ಗಳಿಗೆಯಲ್ಲೇ ಆ ಒಂದು ಜಾಗ ಕೈಬಿಟ್ಟುಹೋಯಿತು. ನಾನು ರಾತ್ರಿಯೆಲ್ಲ ಹುಡುಕಿದ್ದು ಇಂಟಿಗ್ರೇಷನ್ ಸಾಲುಗಳಲ್ಲಿ, ತಪ್ಪಿದ್ದು ಅದಕ್ಕೂ ಮೊದಲು.

ರಿಪೇರಿ ಸುಲಭ. 0 ಇಂದ 2π ಬದಲು −π ಇಂದ π ತಗೊಳ್ಳಿ. ಸುತ್ತು ಎಲ್ಲಿಂದ ಶುರು ಮಾಡಿದರೂ ಸುತ್ತು ಸುತ್ತೇ ಅಲ್ವಾ? ಎತ್ತು ನನ್ನ ಬಲಗಾಲಿನಿಂದ ಹೊರಟು ಎಡಗಾಲಿಗೆ ಬಂದು ಸೇರುತ್ತದೆ. t ಒಂದೇ ಸಮ −∞ ಇಂದ +∞ ವರೆಗೆ ಹೋಗುತ್ತದೆ, ನಡುವೆ ಹಾರಿಕೆ ಇಲ್ಲ. ಉತ್ತರ ½(π/2 + π/2) = π/2 ನಿಮಿಷ. 94 ಸೆಕೆಂಡ್.

ಇದನ್ನು ಪರೀಕ್ಷೆ ಮಾಡೋಣ. ಪೂರ್ತಿ ಸುತ್ತನ್ನು 8ರ ವೇಗದಲ್ಲೇ ಸುತ್ತಿದ್ದರೆ 47 ಸೆಕೆಂಡ್ ಸಾಕಿತ್ತು. 2ರ ವೇಗದಲ್ಲೇ ಸುತ್ತಿದ್ದರೆ 188. ನಮ್ಮ 94 ಎರಡರ ಮಧ್ಯೆ ಇದೆ. ಬರೀ ಮಧ್ಯೆ ಅಲ್ಲ, 47ರ ಎರಡರಷ್ಟು, 188ರ ಅರ್ಧ. ಅಂದರೆ ಎತ್ತಿನ ಸರಾಸರಿ ವೇಗ 4, ಅದು 8 × 2ರ ವರ್ಗಮೂಲ. 8 ಮತ್ತು 2 ಕೂಡಿ ಅರ್ಧ ಮಾಡಿ 5 ಅಂತ ಹೇಳಿದವರು ಸೋತರು. ಇದು ಕಾಕತಾಳೀಯ ಅಲ್ಲ. a, bಗಿಂತ ದೊಡ್ಡದಿದ್ದು b ಸೊನ್ನೆಗಿಂತ ಜಾಸ್ತಿ ಇದ್ದರೆ, 1/(a + b cos x) ಒಂದು ಸುತ್ತಿಗೆ 2π/√(a² − b²). ಆ ಮೂಲದೊಳಗೆ ಇರುವುದು (a + b)(a − b), ಅತಿ ಹೆಚ್ಚು ವೇಗ ಗುಣಿಸು ಅತಿ ಕಡಿಮೆ ವೇಗ.

ಎರಡನೇ ರಿಪೇರಿ ನನಗೆ ಇನ್ನೂ ಇಷ್ಟ. ನೋಟ ಹಾರದ ಹಾಗೆ F ಅನ್ನೇ ಬೇರೆ ರೂಪದಲ್ಲಿ ಬರೆಯುವುದು. tan⁻¹(½ tan(x/2)) ಅನ್ನೋದು x/2ಕ್ಕಿಂತ ಎಷ್ಟು ಕಡಿಮೆ ಅಂತ tan(A − B) ಸೂತ್ರದಿಂದ ತೆಗೆದರೆ ಹೀಗೆ ಬರುತ್ತದೆ:

G(x) = x/4 − ½ tan⁻¹( sin x/(3 + cos x) )

ಇದರ ಒಳಗೆ tan(x/2) ಇಲ್ಲವೇ ಇಲ್ಲ. 3 + cos x ಯಾವತ್ತೂ 2ಕ್ಕಿಂತ ಕಡಿಮೆ ಆಗಲ್ಲ. ಹಾಗಾಗಿ ಈ ಗಡಿಯಾರ ಎಲ್ಲೂ ಬೀಳಲ್ಲ. ಇದರ ಅರ್ಥವೂ ಚೆನ್ನಾಗಿದೆ. x/4 ಅಂದರೆ ಎತ್ತು ಸರಾಸರಿ ವೇಗ 4ರಲ್ಲೇ ನಡೆದಿದ್ದರೆ ಆಗುತ್ತಿದ್ದ ಸಮಯ. ಉಳಿದ ಭಾಗ ಅದು ಮುಂದೆ ಓಡಿದ್ದು, ಹಿಂದೆ ಬಿದ್ದಿದ್ದು. ಕಾಲು ಸುತ್ತಿಗೆ x/4 ಹೇಳುವುದು 23.6 ಸೆಕೆಂಡ್, ತಿದ್ದುಪಡಿ 9.7, ಕಳೆದರೆ 13.9. ಮೊದಲು ಬಂದಿದ್ದೇ ಬಂತು. 2π ಹಾಕಿದರೆ ತಿದ್ದುಪಡಿ ಸೊನ್ನೆ, ಉಳಿಯುವುದು π/2. ಎರಡು ಸುತ್ತಿಗೂ, ಹತ್ತು ಸುತ್ತಿಗೂ ಇದನ್ನೇ ಕಣ್ಣು ಮುಚ್ಚಿಕೊಂಡು ಹಾಕಬಹುದು.

ನನಗೆ ಸೊನ್ನೆ ಬಂದಿದ್ದು ಒಂದು ರೀತಿ ಪುಣ್ಯ. ಸೊನ್ನೆ ಆದ್ದರಿಂದ ಆ ಹುಡುಗಿಗೆ ಸಿಕ್ಕಿಬಿದ್ದೆ. ಅದೇ ಲೆಕ್ಕವನ್ನು 0 ಇಂದ 5π/2 ವರೆಗೆ ಕೊಟ್ಟಿದ್ದರೆ? ಹಳೇ F ಹಾಕಿದರೆ 0.2318 ಬರುತ್ತದೆ. ಪ್ಲಸ್ಸೇ ಇದೆ, ನೋಡಲು ಸಭ್ಯವಾಗಿದೆ, ಯಾರಿಗೂ ಅನುಮಾನ ಬರಲ್ಲ. ನಿಜವಾದ ಉತ್ತರ 1.8026. ಒಂದೂಕಾಲು ಸುತ್ತು ನಡೆದಿದ್ದನ್ನು ಗಡಿಯಾರ ಬರೀ ಕಾಲು ಸುತ್ತು ಅಂತ ಹೇಳುತ್ತಿದೆ. ಇದನ್ನು ಹಿಡಿಯಲು ಅರ್ಧ ನಿಮಿಷದ ಕೆಲಸ ಸಾಕು: 5π/2 ದೂರವನ್ನು ಅತಿ ಹೆಚ್ಚು ವೇಗ 8ರಿಂದ ಭಾಗಿಸಿ. 0.98. ಅದಕ್ಕಿಂತ ಕಡಿಮೆ ಸಮಯದಲ್ಲಿ ಎತ್ತು ಬರಲು ಸಾಧ್ಯವೇ ಇಲ್ಲ. ನನ್ನ ಕ್ಲಾಸಿನಲ್ಲಿ ಆಮೇಲೆ ಇದನ್ನು ಕಡ್ಡಾಯ ಮಾಡಿದೆ. ಲಿಮಿಟ್ಸ್ ನೋಡಿದ ತಕ್ಷಣ π, 3π, −π ಯಾವುದಾದರೂ ಒಳಗೆ ಬಿದ್ದಿದೆಯಾ ನೋಡು, ಉತ್ತರ ಬಂದ ಮೇಲೆ ಒಂದು ಭಾಗಾಕಾರ ಮಾಡು.

ನಾವಷ್ಟೇ ಅಲ್ಲ, ಗಣಿತ ಮಾಡುವ ಕಂಪ್ಯೂಟರ್ ಪ್ರೋಗ್ರಾಮುಗಳೂ ಈ ಹಳ್ಳಕ್ಕೆ ಬಿದ್ದಿದ್ದವು. ಇಂಥ ಸುಳ್ಳು ಹಾರಿಕೆ ಇಲ್ಲದೆ ಉತ್ತರ ಬರೆಯುವುದು ಹೇಗೆ ಅಂತ ಜೆಫ್ರಿ ಮತ್ತು ರಿಚ್ ಅನ್ನುವವರು 1994ರಲ್ಲಿ ಪ್ರಬಂಧವನ್ನೇ ಬರೆದರು. ಹೆಸರಿನ ವಿಷಯ ಬಂದಾಗ ಇನ್ನೊಂದು: ಪುಸ್ತಕಗಳಲ್ಲಿ ಇದಕ್ಕೆ ವೈಯರ್‌ಸ್ಟ್ರಾಸ್ ಸಬ್ಸ್ಟಿಟ್ಯೂಷನ್ ಅಂತಾರೆ. ಆದರೆ ಆಯ್ಲರ್ 1768ರ ತನ್ನ ಪುಸ್ತಕದಲ್ಲೇ ಇದನ್ನು ಬಳಸಿ 1/(a + b cos x) ಇಂಟಿಗ್ರೇಟ್ ಮಾಡಿದ್ದಾನೆ. ವೈಯರ್‌ಸ್ಟ್ರಾಸ್ ಹುಟ್ಟಿದ್ದು 1815ರಲ್ಲಿ. ಯಾರ ಹೆಸರಾದರೂ ಇರಲಿ, ನಾನು ಅರ್ಧ ಕೋನದ ಉಪಾಯ ಅಂತಲೇ ಹೇಳುವುದು.

ಹಾರಿಕೆ ಕಂಡ ಕಡೆಯೆಲ್ಲ ರಿಪೇರಿ ಮಾಡಲು ಹೋಗಬೇಡಿ. 5, 3 ಅದಲುಬದಲು ಮಾಡಿ: 3 + 5 cos x. ಛೇದ 8 − 2t² ಆಗುತ್ತದೆ, t = 2ಕ್ಕೆ ಸೊನ್ನೆ. ಉತ್ತರ ¼ ln |(2 + t)/(2 − t)|. ಇಲ್ಲಿ t = 2 ಅಂದರೆ cos x = −3/5, ಅಲ್ಲಿ ಎತ್ತಿನ ವೇಗವೇ ಸೊನ್ನೆ. ನನ್ನ ಹತ್ತಿರ ಬರುವ ಮೊದಲೇ ಅದು ನಿಂತುಬಿಡುತ್ತದೆ. ಸರಿಯಾಗಿ ಹೇಳಬೇಕಾದರೆ ಆ ಜಾಗಕ್ಕೆ ತಲುಪುವುದೇ ಇಲ್ಲ, ಸಮಯ ಬೆಳೆಯುತ್ತಲೇ ಹೋಗುತ್ತದೆ. ಇದು ನನ್ನ ಕತ್ತಿನ ತೊಂದರೆ ಅಲ್ಲ, ಎತ್ತಿನದೇ ತೊಂದರೆ. ಎರಡನ್ನೂ ಬೇರೆ ಮಾಡಲು ಮೂಲ ಲೆಕ್ಕಕ್ಕೆ ಹೋಗಿ ಆ x ಹಾಕಿ ನೋಡಿ. 1/(5 + 3 cos x) ನಲ್ಲಿ π ಹಾಕಿದರೆ ½ ಬರುತ್ತದೆ, ಯಾವ ಗಲಾಟೆಯೂ ಇಲ್ಲ. ಹಾಗಾಗಿ ಅಲ್ಲಿಯ ಹಾರಿಕೆ ಸುಳ್ಳು.

ಇನ್ನು, ಈ ಉಪಾಯ ಎಲ್ಲದಕ್ಕೂ ನಡೆಯುತ್ತದೆ ಅಂತ ಎಲ್ಲದಕ್ಕೂ ಹಾಕಬೇಡಿ. cos x/(1 + sin² x) ನೋಡಿ. u = sin x ಹಾಕಿದರೆ ಒಂದೇ ಸಾಲು, ಉತ್ತರ tan⁻¹(sin x). ಅದಕ್ಕೇ t ಹಾಕಿದರೆ 2(1 − t²)/(t⁴ + 6t² + 1) ಬಂದು ಕೂರುತ್ತದೆ. ಸೊಳ್ಳೆ ಹೊಡೆಯಲು ಒನಕೆ ತಂದ ಹಾಗೆ. ಮೊದಲು u = sin x, u = cos x, u = tan x ಯಾವುದಾದರೂ ಒದಗುತ್ತದಾ ನೋಡಿ, ಯಾವುದೂ ಆಗದಿದ್ದರೆ ಅರ್ಧ ಕೋನ. ಆದರೆ tan x ಕೂಡ π/2 ಹತ್ತಿರ ಇದೇ ಆಟ ಆಡುತ್ತದೆ, ಅಲ್ಲೂ ಹುಷಾರು.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ಕೇಳಿದ: "ಸಾರ್, ನೀವು ಅಲ್ಲೇ ಯಾಕೆ ನಿಂತ್ಕೋಬೇಕು? ಎತ್ತು ಬರದೇ ಇರೋ ಕಡೆ ನಿಂತ್ಕಂಡ್ರೆ ಆಗಲ್ವಾ?"

ಆಗುತ್ತೆ ಕಣಪ್ಪಾ ಅಂದೆ. ಪೂರ್ತಿ ಸುತ್ತು ಇದ್ದರೆ ಎಲ್ಲಿ ನಿಂತರೂ ಎತ್ತು ಒಮ್ಮೆ ಬಂದೇ ಬರುತ್ತದೆ. ಪೂರ್ತಿ ಸುತ್ತಿಗಿಂತ ಕಡಿಮೆ ಇದ್ದರೆ ಅದು ತುಳಿಯದ ಜಾಗ ಇದ್ದೇ ಇರುತ್ತದೆ, ಅಲ್ಲಿ ನಿಂತುಕೊಳ್ಳಬಹುದು. ಅವನನ್ನೇ ಬೋರ್ಡಿಗೆ ಕರೆದೆ. ಲೆಕ್ಕ π/2 ಇಂದ 3π/2 ವರೆಗೆ. ಎತ್ತು ನಾನಿದ್ದ ಪಶ್ಚಿಮದ ಅರ್ಧದಲ್ಲೇ ಓಡಾಡುತ್ತದೆ. ಹಾಗಾದರೆ ಪೂರ್ವಕ್ಕೆ ಹೋಗಿ ನಿಲ್ಲೋಣ. ಸೋಗೆ ಮಾತ್ರ ಹಳೇ ಜಾಗದಲ್ಲೇ ಇರಲಿ, ಇಲ್ಲದಿದ್ದರೆ ವೇಗವೇ ಬದಲಾಗುತ್ತದೆ. x = y + π ಹಾಕಿದ. cos x ಈಗ −cos y ಆಯಿತು, ಛೇದ 5 − 3 cos y, y −π/2 ಇಂದ π/2 ವರೆಗೆ. u = tan(y/2). ಛೇದ 2 + 8u² ಆಗಿ, ∫ du/(1 + 4u²), ಅಂದರೆ ½ tan⁻¹(2u). u −1 ಇಂದ 1 ವರೆಗೆ, ಹಾರಿಕೆ ಎಲ್ಲೂ ಇಲ್ಲ. ಉತ್ತರ tan⁻¹ 2, 1.107 ನಿಮಿಷ. ಮೊಬೈಲ್ ತೆಗೆದು 60ರಿಂದ ಗುಣಿಸಿದ. 66.4 ಸೆಕೆಂಡ್. ಆಮೇಲೆ ಬೋರ್ಡಿನ ಎಡಗಡೆ ಇನ್ನೂ ಅಳಿಸದೆ ಉಳಿದಿದ್ದ ಎರಡನೇ ಕಾಲು ಸುತ್ತಿನ ಲೆಕ್ಕ ನೋಡಿ, ಅದರ ಸಮಯ 33.2 ಅನ್ನು ಎರಡರಿಂದ ಗುಣಿಸಿ, ಚಾಕ್ ನನ್ನ ಕೈಗೆ ಕೊಟ್ಟ.